ಎಡ ಕೆಳಮೂಲೆಯ ಬಟನ್

ತುಮಕೂರಿನ ಒಂದು ಸಣ್ಣ ಪತ್ರಿಕೆಯಲ್ಲಿ ನಾನು ಹನ್ನೆರಡು ವರ್ಷ ಫೋಟೊಗಳ ಕೆಳಗೆ ಅಡಿಬರಹ ಬರೆದವನು. ತೊಂಬತ್ತರ ದಶಕವೆಲ್ಲ ನನಗೆ ಅದರಲ್ಲೇ ಕಳೆದುಹೋಯಿತು. ಸನ್ಮಾನ, ಉದ್ಘಾಟನೆ, ಬೀಳ್ಕೊಡುಗೆ, ಮತ್ತೆ ಸನ್ಮಾನ. ಚಿತ್ರದಲ್ಲಿ ಎಂಟು ಜನ ನಿಂತಿದ್ದರೆ ಎಂಟೂ ಹೆಸರು ಬರಬೇಕು, ಎಡದಿಂದ ಬಲಕ್ಕೆ, ಹುದ್ದೆಯ ಸಮೇತ. ಒಬ್ಬರ ಹೆಸರು ಬಿಟ್ಟುಹೋದರೆ ಮಾರನೆಯ ದಿನ ಬೆಳಿಗ್ಗೆ ಅವರ ಕಡೆಯವರು ಕಚೇರಿಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಎಡ ಬಲ ಅದಲುಬದಲಾದರೆ ಎರಡೂ ಕಡೆಯವರು ಬರುತ್ತಿದ್ದರು. ಹನ್ನೆರಡು ವರ್ಷದಲ್ಲಿ ಒಂದು ಸಲವೂ ನಾನು ಎಡ ಬಲ ತಪ್ಪಿಸಲಿಲ್ಲ. ಇದನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಆ ಕೆಲಸ ನನಗೆ ಒಂದು ರೋಗವನ್ನೂ ಅಂಟಿಸಿತ್ತು. ಯಾರನ್ನೇ ನೋಡಲಿ, ಇವನು ಹೇಗೆ ಫೋಟೊದೊಳಗೆ ನುಸುಳಿದ, ಯಾರ ಭುಜ ತಳ್ಳಿ ಮುಂದೆ ಬಂದ ಎಂದೇ ಮೊದಲು ಹೊಳೆಯುತ್ತಿತ್ತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗೆ. ನನ್ನ ಹೆಂಡತಿ, ದೇವರ ಫೋಟೊ ಕಂಡರೂ ನೀವು ಅನುಮಾನವಾಗಿಯೇ ನೋಡುತ್ತೀರಿ ಎಂದು ಬೈಯುತ್ತಿದ್ದಳು.

ಪತ್ರಿಕೆ ನಿಂತುಹೋಯಿತು. ಹೊಸ ಶತಮಾನದ ಮೊದಲ ಕೆಲವು ವರ್ಷ ಅಲ್ಲಿ ಇಲ್ಲಿ ಪ್ರೂಫ್ ನೋಡಿಕೊಂಡಿದ್ದು, ಕೊನೆಗೆ ಬಿ.ಎಚ್. ರಸ್ತೆಯಲ್ಲಿ ಒಂದು ಮಹಡಿಯ ಮೇಲಿದ್ದ ಪುಟ್ಟ ಕಚೇರಿಗೆ ಸೇರಿಕೊಂಡೆ. ಕಣ್ಣು ಕಾಣದವರಿಗೆ ಕಂಪ್ಯೂಟರ್ ಮತ್ತು ಟೆಲಿಫೋನ್ ಆಪರೇಟರ್ ಕೆಲಸ ಕಲಿಸುವ ಕಚೇರಿ ಅದು. ನಡೆಸುತ್ತಿದ್ದವರು ನಿವೃತ್ತ ಉಪನ್ಯಾಸಕಿ ಒಬ್ಬರು, ನಮಗೆಲ್ಲ ಮೇಡಂ. ಪಾಠಗಳನ್ನು ಸೀಡಿಯಲ್ಲಿ ಹಾಕಿ ಕಲಿಯುವವರಿಗೆ ಮನೆಗೆ ಕೊಟ್ಟು ಕಳಿಸುತ್ತಿದ್ದರು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಯಾರೋ ದಾನ ಕೊಟ್ಟ ಹಳೆಯದೊಂದನ್ನೂ ಕೊಡುತ್ತಿದ್ದರು. ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಕಂಪ್ಯೂಟರಿನ ಮೇಲಿರುವ ಬರಹವನ್ನು ಗಟ್ಟಿಯಾಗಿ ಓದುತ್ತದೆ. ಆದರೆ ಚಿತ್ರ ಅದಕ್ಕೆ ಅರ್ಥವಾಗುವುದಿಲ್ಲ. ಅದಕ್ಕಾಗಿ ಪ್ರತಿ ಚಿತ್ರದ ಹಿಂದೆ ಕಣ್ಣಿಗೆ ಕಾಣದ ಹಾಗೆ ಒಂದು ವಿವರಣೆ ಬರೆದಿಡಬೇಕು. ಬರೆಯದಿದ್ದರೆ ಆ ಯಂತ್ರ ಫೈಲಿನ ಹೆಸರನ್ನೇ, ಅರ್ಥವಿಲ್ಲದ ಅಕ್ಷರ ಅಂಕಿಗಳನ್ನೇ ಒದರುತ್ತಿತ್ತು. ವಿವರಣೆ ಬರೆಯುವ ಕೆಲಸ ನನ್ನದು. ಕನ್ನಡ ಓದುವ ದನಿ ಆಗಿನ್ನೂ ನಮ್ಮ ಕಚೇರಿಗೆ ಬಂದಿರಲಿಲ್ಲವಾದ್ದರಿಂದ ಎಲ್ಲವೂ ಇಂಗ್ಲಿಷಿನಲ್ಲಿ. ಇಲ್ಲಿ ಅದನ್ನೆಲ್ಲ ಕನ್ನಡದಲ್ಲೇ ಹೇಳುತ್ತೇನೆ.

ಫೋಟೊಗೆ ಅಡಿಬರಹ ತಾನೇ, ನೀರು ಕುಡಿದಷ್ಟು ಸುಲಭ ಎಂದುಕೊಂಡು ಹೋದೆ.

ನಾನು ಬರೆದದ್ದನ್ನು ಕೇಳಿ ತಿದ್ದುವವರು ಕುಣಿಗಲ್ಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನನಗಿಂತ ಆರೇಳು ವರ್ಷ ಚಿಕ್ಕವರು. ಹುಟ್ಟಿದಾಗಿನಿಂದ ಕಣ್ಣಿಲ್ಲ. ಹುಡುಗರಿಗೆ ಪಾಠವನ್ನೂ ಹೇಳುತ್ತಿದ್ದರಿಂದ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ನಾನು ಮೊದಲು ಬರೆದುಕೊಟ್ಟದ್ದು ಹೆಡ್‌ಫೋನ್ ಹಾಕಿಕೊಂಡ ಒಬ್ಬ ಮಹಿಳೆಯ ಚಿತ್ರಕ್ಕೆ. ಈ ವರ್ಣಚಿತ್ರದಲ್ಲಿ ಹಸಿರು ಸೀರೆಯುಟ್ಟ ಮಹಿಳೆಯೊಬ್ಬರು ನಗುಮುಖದಿಂದ ಕುಳಿತಿದ್ದಾರೆ ಎಂದು ಶುರುಮಾಡಿ, ಅವರ ಹಿಂದಿನ ಗೋಡೆ, ಗೋಡೆಯ ಕ್ಯಾಲೆಂಡರ್, ಮೇಜಿನ ಮೇಲಿನ ಹೂದಾನಿ, ಯಾವುದನ್ನೂ ಬಿಡಲಿಲ್ಲ. ಬಿಟ್ಟರೆ ಹೂದಾನಿಯ ಕಡೆಯವರು ಬಂದಾರೆಂಬ ಭಯ ನನ್ನ ರಕ್ತದಲ್ಲೇ ಇತ್ತು.

ಮೇಷ್ಟ್ರ ಕಂಪ್ಯೂಟರ್ ಅದನ್ನು ಓದಿದ ವೇಗಕ್ಕೆ ನನಗೆ ಒಂದು ಪದವೂ ತಿಳಿಯಲಿಲ್ಲ. ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಎಂದಿತು, ಅಷ್ಟೆ. ಅರ್ಧದಲ್ಲೇ ಅವರು ಒಂದು ಕೀ ಒತ್ತಿ ಅದರ ಬಾಯಿ ಮುಚ್ಚಿಸಿದರು.

“ಸಾರ್, ಮೈಕು ಬಾಯಿಗೆ ಎಷ್ಟು ದೂರದಲ್ಲಿದೆ?”

ಅದನ್ನು ನಾನು ಬರೆದಿರಲಿಲ್ಲ. ಚಿತ್ರ ನೋಡಿ, ಸುಮಾರು ಎರಡು ಬೆರಳು, ಬಾಯಿಯ ನೇರಕ್ಕಲ್ಲ, ಸ್ವಲ್ಪ ಪಕ್ಕಕ್ಕೆ ಎಂದೆ. ಮೇಷ್ಟ್ರು ನಾನು ಬರೆದದ್ದನ್ನೆಲ್ಲ ಅಳಿಸಿ ಅಷ್ಟನ್ನೇ ಟೈಪು ಮಾಡಿದರು: ಮೈಕ್ ಬಾಯಿಯ ಪಕ್ಕಕ್ಕೆ, ಎರಡು ಬೆರಳು ದೂರ. ಪಾಠ ಇರುವುದು ಹೆಡ್‌ಫೋನ್ ಹಾಕಿಕೊಳ್ಳುವುದು ಹೇಗೆ ಎಂದು, ಸೀರೆ ಉಡುವುದು ಹೇಗೆ ಎಂದಲ್ಲ ಎಂದರು. ಇದು ಚಿತ್ರ ಎಂದು ಯಂತ್ರವೇ ಮೊದಲು ಹೇಳುತ್ತದೆ, ನೀವೂ ‘ಈ ಚಿತ್ರದಲ್ಲಿ’ ಎನ್ನಬೇಡಿ ಎಂದರು. ಪಾಠದಲ್ಲಿ ಆಗಲೇ ಬಂದಿರುವುದನ್ನು ಮತ್ತೆ ಹೇಳಬೇಡಿ. ಮುಖ್ಯವಾದದ್ದು ಮೊದಲು ಬರಲಿ, ಬೇಕಾದಷ್ಟು ಕೇಳಿ ಮುಂದೆ ಹೋಗುತ್ತೇವೆ. ಬರೀ ಅಂದಕ್ಕೆ ಹಾಕಿದ ಚಿತ್ರವಾದರೆ ವಿವರಣೆಯ ಜಾಗ ಖಾಲಿ ಬಿಡಿ, ಯಂತ್ರ ಸುಮ್ಮನೆ ದಾಟಿಕೊಂಡು ಹೋಗುತ್ತದೆ.

ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಆದರೆ ನನಗೆ ಮೈ ಉರಿಯಿತು. ಅದಾದ ಮೇಲೆ ದಿನಾ ನನ್ನ ಹತ್ತು ಸಾಲು ಅವರ ಕೈಯಲ್ಲಿ ಒಂದು ಸಾಲಾಗಿ ವಾಪಸು ಬರುತ್ತಿತ್ತು. “ಉದ್ದ ಆಯ್ತು ಸಾರ್” ಎನ್ನುವುದು ಅವರ ಮಂತ್ರ. ಅಷ್ಟು ವೇಗದಲ್ಲಿ ಓದಿದ್ದು ಅವರಿಗಾದರೂ ನಿಜವಾಗಿ ಕೇಳಿಸುತ್ತದೆಯೇ, ಅಥವಾ ಸುಮ್ಮನೆ ನನ್ನದನ್ನು ಕತ್ತರಿಸುವ ಚಟವೇ ಎಂದು ಮೊದಲ ಅನುಮಾನ ಬಂತು.

ಎರಡನೆಯ ಅನುಮಾನ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ನಾನು ಬಾಗಿಲು ದಾಟಿ ಒಳಗೆ ಬರುವ ಮೊದಲೇ ಅವರು ಬನ್ನಿ ಸಾರ್ ಎನ್ನುತ್ತಿದ್ದರು. ಕಚೇರಿಯ ಆಯಮ್ಮ ನೆಲ ಒರೆಸುತ್ತ ಬಕೆಟ್ ಎಲ್ಲಿಟ್ಟಿದ್ದರೂ ಬಳಸಿಕೊಂಡು ಹೋಗುತ್ತಿದ್ದರು. ಒಂದು ಸಂಜೆ ನಾನು ಕಣ್ಣು ಕಿರಿದು ಮಾಡಿಕೊಂಡು ಓದುತ್ತಿದ್ದರೆ ಎದ್ದು ಹೋಗಿ ಲೈಟು ಹಾಕಿದರು. ಹುಟ್ಟುಕುರುಡರಿಗೆ ಕತ್ತಲಾದದ್ದು ಹೇಗೆ ಗೊತ್ತಾಯಿತು? ಸುಳ್ಳು ಸರ್ಟಿಫಿಕೇಟ್ ಮಾಡಿಸಿಕೊಂಡು ಅಂಗವಿಕಲರ ಕೋಟಾದಲ್ಲಿ ಕೆಲಸ ಹಿಡಿದವರ ಸುದ್ದಿ ಪತ್ರಿಕೆಯಲ್ಲಿದ್ದಾಗ ನಾನೇ ಎಷ್ಟೋ ಓದಿದ್ದೆ. ಈತನಿಗೆ ಕಣ್ಣು ಕಾಣುತ್ತದೆ ಎಂದು ನನ್ನ ಮನಸ್ಸು ತೀರ್ಪು ಕೊಟ್ಟೇಬಿಟ್ಟಿತು.

ಒಂದು ಭಾನುವಾರ ನೆಂಟರ ಮನೆಯ ನಾಮಕರಣಕ್ಕೆ ಕುಣಿಗಲ್ಲಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಮೇಷ್ಟ್ರು ಕೋಲು ಹಿಡಿದು ಒಬ್ಬರೇ ಹೋಗುತ್ತಿದ್ದರು. ಊಟದ ಹೊತ್ತಾಗುತ್ತಿದ್ದರೂ ನಾನು ಮಾತಾಡಿಸದೆ ಅವರ ಹಿಂದೆ ಬಿದ್ದೆ. ಕೆರೆಯ ಕಡೆಗೆ ಹೋಗುವ ರಸ್ತೆಯಲ್ಲಿ ಅವರು ಒಂದು ಸೈಕಲ್ಲಿಗೆ ಜಾಗ ಬಿಟ್ಟರು, ಒಂದು ಕಲ್ಲನ್ನು ಬಳಸಿಕೊಂಡು ಹೋದರು. ನಾನು ಹತ್ತು ಹೆಜ್ಜೆ ಹಿಂದೆ, ಕಳ್ಳಬೆಕ್ಕಿನ ಹಾಗೆ. ಏರಿ ಹತ್ತುವಾಗ ಅವರು ನಿಂತರು. ಹಿಂದೆ ತಿರುಗದೆಯೇ ಹೇಳಿದರು.

“ಮುಂದಕ್ಕೆ ಬನ್ನಿ ಸಾರ್, ಜೊತೇಲೇ ಹೋಗೋಣ. ಆಗಿಂದ ಒಬ್ರೇ ನಡೀತಿದೀರ.”

ನನ್ನ ಮುಖ ಎಲ್ಲಿಟ್ಟುಕೊಳ್ಳಲಿ? ನೀವು ಈಗ ತಾನೇ ನನ್ನ ಕಣ್ಣಿಗೆ ಬಿದ್ದಿರಿ ಎಂದೇನೋ ತೊದಲಿ, ಕೆರೆಯ ನೀರಿನ ಬಗ್ಗೆ ನಾಲ್ಕು ಮಾತಾಡಿ ತಪ್ಪಿಸಿಕೊಂಡೆ. ನಾಚಿಕೆಯಾಗಬೇಕಿತ್ತು. ನನಗೆ ಆದದ್ದು ಖಾತ್ರಿ. ಕಾಣದೆ ಹೇಗೆ ಹೇಳಿದರು? ಇದನ್ನು ಬಯಲು ಮಾಡಲೇಬೇಕು ಎಂದುಕೊಂಡೇ ತುಮಕೂರಿನ ಬಸ್ಸು ಹತ್ತಿದೆ.

ಅದೇ ದಿನಗಳಲ್ಲಿ ಮೇಡಂ ಒಂದು ಒಳ್ಳೆಯ ಸುದ್ದಿ ತಂದರು. ಊರಿನ ಒಂದು ಖಾಸಗಿ ಆಸ್ಪತ್ರೆಯವರಿಗೆ ಟೆಲಿಫೋನ್ ಆಪರೇಟರ್ ಬೇಕಾಗಿದ್ದಾರೆ, ನಮ್ಮವರನ್ನೂ ಪರೀಕ್ಷೆಗೆ ಕೂರಿಸುತ್ತಾರೆ. ಗುಬ್ಬಿಯಿಂದ ಬಂದು ಕಲಿಯುತ್ತಿದ್ದ ಹುಡುಗಿಯನ್ನು ಕಳಿಸುವುದೆಂದಾಯಿತು. ಇಪ್ಪತ್ತೆರಡು ವರ್ಷ, ಕಣ್ಣಿಲ್ಲ, ತಂದೆಯಿಲ್ಲ. ತಾಯಿ ಶಾಲೆಯೊಂದರಲ್ಲಿ ಅಡುಗೆ ಮಾಡುತ್ತಿದ್ದರು. ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದಳು. ಈ ಕೆಲಸವೊಂದು ಸಿಕ್ಕಿದರೆ ಅಮ್ಮ ಒಲೆಯ ಮುಂದಿನಿಂದ ಏಳುತ್ತಾಳೆ ಸಾರ್ ಎಂದು ನನ್ನ ಹತ್ತಿರವೇ ಒಮ್ಮೆ ಹೇಳಿದ್ದಳು. ಆಸ್ಪತ್ರೆಯಲ್ಲಿದ್ದ ಟೆಲಿಫೋನ್ ಬೋರ್ಡು ಹೊಸ ಮಾದರಿಯದು, ನಮ್ಮಲ್ಲಿ ಇರಲಿಲ್ಲ, ಮೇಷ್ಟ್ರೂ ಅದನ್ನು ಮುಟ್ಟಿರಲಿಲ್ಲ. ಮೇಡಂ ಅದರ ಫೋಟೊ ತೆಗೆಸಿಕೊಂಡು ಬಂದರು. ಅದಕ್ಕೊಂದು ಪಾಠ ಮಾಡಿ ಸೀಡಿಯಲ್ಲಿ ಕೊಟ್ಟರೆ ಹುಡುಗಿ ಮನೆಯಲ್ಲಿ ಕಲಿತುಕೊಂಡು ಹೋಗಬೇಕು. ಪಾಠದಲ್ಲಿ ಕಾಲ್ ಬಂದಾಗ ಏನು ಹೇಳಬೇಕು, ಯಾವಾಗ ಹೋಲ್ಡಿನಲ್ಲಿ ಇಡಬೇಕು ಎಂದೆಲ್ಲ ಇತ್ತು. ಹೋಲ್ಡ್ ಬಟನ್ ಎಲ್ಲಿದೆ ಎಂಬುದಕ್ಕೆ ಮಾತ್ರ ‘ಚಿತ್ರ ನೋಡಿ’ ಎಂದಿತ್ತು. ಅಂದರೆ ಆ ಹುಡುಗಿಗೆ ಇದ್ದದ್ದು ನಾನು ಬರೆಯುವ ಎರಡು ಸಾಲು.

ಫೋಟೊದಲ್ಲಿ ಅಂಕಿಗಳ ಬಟನ್ನುಗಳು ನಡುವೆ. ಬಲಗಡೆ ಕೆಳಮೂಲೆಯಲ್ಲಿ ಹೋಲ್ಡ್, ಎಡಗಡೆ ಕೆಳಮೂಲೆಯಲ್ಲಿ ಕಾಲ್ ಕಡಿಯುವ ಕೆಂಪು ಬಟನ್. ಎರಡೂ ಒಂದೇ ಅಳತೆ, ಒಂದೇ ಆಕಾರ. ಅದನ್ನು ನೋಡುತ್ತಿದ್ದಂತೆ ನನಗೆ ಉಪಾಯ ಹೊಳೆಯಿತು. ಎಡ ಬಲ ಅದಲುಬದಲು ಮಾಡಿ ಬರೆದರೆ? ಫೋಟೊ ಮೇಷ್ಟ್ರ ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದಾಗಿ ಬಂದಿರುತ್ತದೆ. ಕಣ್ಣು ಕಾಣುವವರಾದರೆ ಅವರ ಕೈ ಸುಮ್ಮನಿರಲಾರದು, ತಿದ್ದಿಯೇ ತಿದ್ದುತ್ತಾರೆ. ಸಿಕ್ಕಿಬೀಳುತ್ತಾರೆ.

ಈ ಸಲ ಅನುಮಾನ ಬರಬಾರದೆಂದು ಅವರು ಹೇಳಿಕೊಟ್ಟ ಹಾಗೆಯೇ ಬರೆದೆ. ‘ಹೋಲ್ಡ್ ಎಡ ಕೆಳಮೂಲೆ. ಕಾಲ್ ಕಡಿಯುವುದು ಬಲ ಕೆಳಮೂಲೆ. ಎರಡೂ ಒಂದೇ ಅಳತೆ. ನಡುವೆ ಅಂಕಿಗಳು, ಐದರ ಮೇಲೆ ಉಬ್ಬು ಚುಕ್ಕೆ.’ ಇಷ್ಟೇ. ಹೂದಾನಿಯಿಲ್ಲ, ಗೋಡೆಯಿಲ್ಲ.

ಮೇಷ್ಟ್ರು ಕೇಳಿಸಿಕೊಂಡರು. ಇನ್ನೊಂದು ಸಲ, ಈ ಬಾರಿ ನಿಧಾನವಾಗಿ ಓದಿಸಿದರು. ಮೇಜಿನ ಮೇಲೆ ಕೈಯಿಟ್ಟು, ಇಲ್ಲದ ಬೋರ್ಡಿನ ಎಡಮೂಲೆಯನ್ನು ಹೆಬ್ಬೆರಳಿಂದ ಒತ್ತಿ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

“ಇದಕ್ಕೆ ನಾನು ಏನೂ ಮಾಡಂಗಿಲ್ಲ ಸಾರ್. ಐದರ ಚುಕ್ಕೆ ಹೇಳಿದ್ದು ಬಾಳ ಒಳ್ಳೇದಾಯ್ತು. ಬೋರ್ಡು ಕೈಗೆ ಬಂದಂಗೆ ಐತೆ.”

ಆ ಕಚೇರಿಯಲ್ಲಿ ಅವರು ನನ್ನ ಬರಹವನ್ನು ಹೊಗಳಿದ್ದು ಅದೇ ಮೊದಲು. ಅವರಿಗೆ ಕಣ್ಣು ಕಾಣುವುದಿಲ್ಲ ಎಂಬುದು ಆ ಕ್ಷಣ ಬಟಾಬಯಲಾಯಿತು. ನನಗೆ ಸಮಾಧಾನವಾಗಲಿಲ್ಲ. ಹೊಗಳಿಕೆ ಕೇಳಿದ ಮುಖ ಹೊತ್ತುಕೊಂಡೇ ಕೆಳಗಿಳಿದು ಹೋಗಿ ಒಂದು ಟೀ ಕುಡಿದೆ. ಬಂದು ತಿದ್ದಿದರಾಯಿತು ಎಂದುಕೊಂಡಿದ್ದೆ. ಬರುವಷ್ಟರಲ್ಲಿ ಮೇಡಂ ಏನೋ ಬೇರೆ ಕೆಲಸ ಹೇಳಿದರು, ಸಂಜೆಯಾಯಿತು, ಮನೆಗೆ ಹೋದೆ. ಮಾರನೆಯ ದಿನ ನಾನು ಬರುವ ಹೊತ್ತಿಗೆ ಸೀಡಿ ಗುಬ್ಬಿಗೆ ಹೋಗಿಯಾಗಿತ್ತು.

ಹೇಳಬಹುದಿತ್ತು. ಹೇಳಿದರೆ ಏಕೆ ಹಾಗೆ ಬರೆದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಪರೀಕ್ಷೆಗೆ ಮೊದಲು ಆಸ್ಪತ್ರೆಯವರು ಬೋರ್ಡು ತೋರಿಸಿಯೇ ತೋರಿಸುತ್ತಾರೆ, ಚಿತ್ರದ ವಿವರಣೆಯನ್ನು ಯಾರು ಅಷ್ಟು ಗಟ್ಟಿಯಾಗಿ ನೆಚ್ಚಿಕೊಳ್ಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ವಾರ ಹಾಗೇ ಕಳೆಯಿತು.

ಪರೀಕ್ಷೆಯ ದಿನ ಮಧ್ಯಾಹ್ನ ಹುಡುಗಿ ಅಮ್ಮನ ಕೈಹಿಡಿದುಕೊಂಡು ನೇರ ನಮ್ಮ ಕಚೇರಿಗೆ ಬಂದಳು. ಅಳುತ್ತಿರಲಿಲ್ಲ. ಅತ್ತು ಮುಗಿಸಿ ಬಂದಿದ್ದಳು. ಆಸ್ಪತ್ರೆಯಲ್ಲಿ ನಡೆದದ್ದನ್ನು ಅವಳೇ ಹೇಳಿದಳು. ಬೋರ್ಡಿನ ಮುಂದೆ ಕೂರಿಸಿದರು. ಮುಟ್ಟಿ ನೋಡಮ್ಮ ಎಂದರಂತೆ. ಇವಳು ಐದರ ಚುಕ್ಕೆ ಮುಟ್ಟಿ, ಎರಡು ಮೂಲೆ ಮುಟ್ಟಿ, ಎಲ್ಲ ಕಲಿತ ಹಾಗೆಯೇ ಇದೆ ಎಂದು ಧೈರ್ಯವಾಗಿ ಹೂಂ ಎಂದಳು. ಮೊದಲ ಕಾಲ್ ಬಂತು, ಹೋಲ್ಡಿಗೆ ಹಾಕಿದಳು, ಕಡಿದುಹೋಯಿತು. ಎರಡನೆಯದೂ ಕಡಿದುಹೋಯಿತು. ಮೂರನೆಯದು ಆಸ್ಪತ್ರೆಯ ದೊಡ್ಡ ಡಾಕ್ಟರದ್ದು, ಊರಾಚೆಯಿಂದ ಯಾರದೋ ಆಪರೇಷನ್ ವಿಷಯಕ್ಕೆ ಮಾಡಿದ್ದು. ಅದನ್ನೂ ಕಡಿದಳು. ಸಾಕಮ್ಮ, ಏಳು ಎಂದರಂತೆ.

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಾಗಿಲ ಹತ್ತಿರವೇ ನಿಂತಿದ್ದರು. ಮೇಷ್ಟ್ರು ಹುಡುಗಿಯನ್ನು ಮೆಲ್ಲಗೆ ಕೇಳಿದರು, ಗಾಬರಿಯಲ್ಲಿ ಎಡ ಬಲ ಆಯಿತೇನಮ್ಮ ಎಂದು.

“ಇಲ್ಲ ಸಾರ್. ಸೀಡೀಲಿ ಇದ್ದಂಗೇ ಒತ್ತಿದೀನಿ. ಹೋಲ್ಡ್ ಎಡ ಕೆಳಮೂಲೆ, ಕಾಲ್ ಕಡಿಯೋದು ಬಲ ಕೆಳಮೂಲೆ, ಎರಡೂ ಒಂದೇ ಅಳತೆ. ರೊಟ್ಟಿ ಕಲ್ಲಿನ ಮೇಲೆ ಬೆರಳಿಟ್ಟು ಒಂದು ವಾರ ಅಭ್ಯಾಸ ಮಾಡಿದೀನಿ.”

ನಾನು ಬರೆದ ಪದಗಳು ಒಂದೂ ಬಿಡದೆ ಅವಳ ಬಾಯಲ್ಲಿದ್ದವು. ಹನ್ನೆರಡು ವರ್ಷ ಬರೆದ ಅಡಿಬರಹಗಳಲ್ಲಿ ಒಂದನ್ನಾದರೂ ಯಾರಾದರೂ ಹೀಗೆ ಕಲಿತಿದ್ದರೇ? ಮೇಷ್ಟ್ರಿಗೆ ಸಿಟ್ಟು ಬಂತು. ಕಣ್ಣಿಲ್ಲದವಳನ್ನು ತೆಗೆದುಕೊಳ್ಳಲು ಇಷ್ಟವಿಲ್ಲದೆ ಆಸ್ಪತ್ರೆಯವರೇ ಬೇರೆ ಬೋರ್ಡು ಇಟ್ಟಿದ್ದಾರೆ, ಬೇಕಂತಲೇ ಮಾಡಿದ್ದಾರೆ ಎಂದರು. ಮೇಡಮ್ಮಿಗೂ ಹಾಗೇ ಅನಿಸಿತು. ಹೋಗಿ ಕೇಳಿಯೇಬಿಡುತ್ತೇನೆ, ನಮ್ಮ ಫೋಟೊ ಎಲ್ಲಿ ಎಂದು ಬೀರುವಿನ ಕಡೆ ಎದ್ದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ನನ್ನನ್ನು ಕೇಳದಿದ್ದರೂ ನಾನು ಬಾಯಿಬಿಟ್ಟೆ. ಬಿಟ್ಟದ್ದು ಅರ್ಧ ಬಾಯಿ. ಬಹುಶಃ ನನ್ನದೇ ಕೈತಪ್ಪು ಇರಬೇಕು, ಬರೆಯುವ ಭರದಲ್ಲಿ ಎಡ ಬಲ ಹೆಚ್ಚುಕಮ್ಮಿಯಾಗಿರಬೇಕು ಎಂದೆ. ಮೇಷ್ಟ್ರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

“ನೀವು ತಪ್ಪೋರಲ್ವಲ್ಲ ಸಾರ್. ಹನ್ನೆರಡು ವರ್ಷ ಒಂದು ಸಲಾನೂ ಎಡ ಬಲ ತಪ್ಪಿಲ್ಲ ಅಂತ ನೀವೇ ಹೇಳ್ತಿದ್ರಿ.”

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ನನ್ನ ಪರವಾಗಿಯೇ ಮಾತಾಡುತ್ತಿದ್ದರು, ಅಷ್ಟು ನಂಬಿದ್ದರು. ಅದನ್ನು ಮಾತ್ರ ನನಗೆ ತಡೆದುಕೊಳ್ಳಲು ಆಗಲಿಲ್ಲ. ಲೈಟು ಹಾಕಿದ ಸಂಜೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಆ ಹುಡುಗಿಯ ಎದುರಿಗೆ, ಅವಳ ಅಮ್ಮನ ಎದುರಿಗೆ ಹೇಳಿದೆ. ಮೇಡಂ ಕೈಯಲ್ಲಿ ಫೋಟೊ ಹಿಡಿದು ನಿಂತಿದ್ದರು, ನೋಡುವ ಅಗತ್ಯ ಇರಲಿಲ್ಲ.

ಮೇಷ್ಟ್ರು ಒಂದೊಂದಕ್ಕೂ ಉತ್ತರ ಹೇಳಿದರು. ಸಂಜೆ ಲೈಟು ಹಾಕಿದ್ದು, ನಾನು ಕುರ್ಚಿಯನ್ನು ಕಿಟಕಿಯ ಕಡೆಗೆ ಎಳೆದುಕೊಂಡ ಸದ್ದು ಕೇಳಿ. ಬಕೆಟ್ಟಿನ ಹತ್ತಿರ ಫಿನಾಯಿಲ್ ವಾಸನೆ. ಕುಣಿಗಲ್ಲಿನಲ್ಲಿ ಗೊತ್ತಾದದ್ದು ನಾನು ಬಲಗಾಲಿನ ಚಪ್ಪಲಿ ಎಳೆದುಕೊಂಡು ನಡೆಯುವುದರಿಂದ. ಕೇಳಿದ್ದರೆ ಆವತ್ತೇ ಹೇಳುತ್ತಿದ್ದೆ ಎಂದರು. ಆಮೇಲೆ ಹೇಳಿದ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

“ಉದ್ದ ಆಯ್ತಾ, ಗಿಡ್ಡ ಆಯ್ತಾ, ಅದನ್ನ ನಾನು ನೋಡ್ಬೋದು ಸಾರ್. ನಿಜಾನಾ ಅಂತ ನೋಡೋಕೆ ನನಗೆ ಇದ್ದಿದ್ದು ನೀವೊಬ್ರೇ.”

ಮೇಡಂ ಜೊತೆ ನಾನೂ ಆಸ್ಪತ್ರೆಗೆ ಹೋದೆ. ಅಲ್ಲಿಯ ಮೇಲ್ವಿಚಾರಕರ ಮುಂದೆ ತಪ್ಪು ನನ್ನದು, ಹುಡುಗಿಯದಲ್ಲ ಎಂದು ಹೇಳಿದೆ. ಅವರು ಒಳ್ಳೆಯವರೇ, ಪೂರ್ತಿ ಕೇಳಿಸಿಕೊಂಡರು. ಆದರೆ ಬೇರೆಯವರಿಗೆ ಆಗಲೇ ಆರ್ಡರ್ ಕೊಟ್ಟಾಗಿತ್ತು. ಮುಂದೆ ಜಾಗ ಖಾಲಿಯಾದರೆ ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ.

ಮೇಡಂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಹಗುರಾಗುತ್ತಿತ್ತೋ ಏನೋ. ಮೇಷ್ಟ್ರೂ ಹಗೆ ಸಾಧಿಸಲಿಲ್ಲ. ಆದರೆ ಅಂದಿನಿಂದ ಹೊಸ ಕ್ರಮ ಶುರುವಾಯಿತು. ನಾನು ಬರೆದು ಕೊಟ್ಟ ಮೇಲೆ ಅವರು ಆಯಮ್ಮನನ್ನು ಕರೆಯುತ್ತಿದ್ದರು. ಆಯಮ್ಮ ತುಮಕೂರಿನ ಹತ್ತಿರದ ಕೋರ ಎಂಬ ಊರಿನವರು, ಏಳನೇ ಕ್ಲಾಸು ಓದಿದವರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಪರದೆಯ ಮುಂದೆ ನಿಲ್ಲುತ್ತಿದ್ದರು. ಮೇಷ್ಟ್ರು ನನ್ನ ಸಾಲನ್ನು ಕನ್ನಡದಲ್ಲಿ ಒಂದೊಂದಾಗಿ ಹೇಳುವುದು, ಆಯಮ್ಮ ಚಿತ್ರದ ಮೇಲೆ ಬೆರಳಿಟ್ಟು ಹೌದು, ಹೌದು ಎನ್ನುವುದು. ಕೆಲವು ಸಲ ನನಗೆ ಎಂಟು ಪದ ಬೇಕಾದ ಕಡೆ ಅವರು ಮೂರರಲ್ಲಿ ಮುಗಿಸುತ್ತಿದ್ದರು, ಮೇಷ್ಟ್ರು ಅದನ್ನೇ ಹಾಕಿಕೊಳ್ಳುತ್ತಿದ್ದರು. ನಾನು ಮೂರು ಅಡಿ ದೂರದ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳಬೇಕು. ಜೀವಮಾನವೆಲ್ಲ ಊರಿನವರನ್ನು ಅನುಮಾನಿಸಿದವನಿಗೆ ಅನುಮಾನಿಸಿಕೊಳ್ಳುವುದು ಹೇಗಿರುತ್ತದೆ ಎಂದು ಆಗ ಗೊತ್ತಾಯಿತು.

ಹುಡುಗಿ ಮೂರು ತಿಂಗಳು ಬರಲಿಲ್ಲ. ಆಮೇಲೆ ಬಂದಳು. ಕುಣಿಗಲ್ಲಿನ ಒಂದು ಖಾಸಗಿ ಕಚೇರಿಯಲ್ಲಿ ಆಪರೇಟರ್ ಬೇಕೆಂದು ಮೇಷ್ಟ್ರೇ ಹುಡುಕಿ ತಂದಿದ್ದರು. ಅಲ್ಲಿಯ ಬೋರ್ಡಿನ ಫೋಟೊ ಬಂತು. ನಾನು ಬರೆದೆ, ಹತ್ತು ಸಲ ನೋಡಿ ಬರೆದೆ. ಆಯಮ್ಮ ಬೆರಳಿಟ್ಟು ನೋಡಿ, “ಸರಿಯಾಗೇ ಬರದವ್ರೆ ಬುಡಿ” ಎಂದರು. ಸೀಡಿ ಗುಬ್ಬಿಗೆ ಹೋಯಿತು.

ಆ ಕೆಲಸ ಅವಳಿಗೆ ಸಿಕ್ಕಿತು. ಒಂದು ಶನಿವಾರ ಅಮ್ಮನ ಜೊತೆ ಬಂದು ಎಲ್ಲರಿಗೂ ಮೈಸೂರುಪಾಕು ಹಂಚಿದಳು. ನನ್ನ ಕುರ್ಚಿಯ ಹತ್ತಿರವೂ ಬಂದು, ಕೈ ಚಾಚಿ ಎಂದು ಹೇಳಿ, ಎರಡು ತುಂಡು ಇಟ್ಟಳು. ಈ ಸಲ ಬಟನ್ನು ಸರಿಯಾಗಿ ಸಿಕ್ಕಿತೇನಮ್ಮ ಎಂದೆ.

“ಸೀಡೀಲಿ ಇದ್ದಂಗೇ ಇತ್ತು ಸಾರ್, ಎಲ್ಲಾ ಸರಿಯಾಗಿತ್ತು. ಆದ್ರೂ ಒತ್ತೋಕೆ ಮುಂಚೆ ಅಲ್ಲಿದ್ದೋರನ್ನ ಕೇಳ್ಕೊಂಡೆ, ಹೋಲ್ಡ್ ಯಾವ ಕಡೆ ಐತೆ ಅಂತ.”

ಒಳ್ಳೆಯದು ಮಾಡಿದೆ ಕಣಮ್ಮ, ಎಲ್ಲಿಗೆ ಹೋದರೂ ಹಾಗೇ ಕೇಳಿಕೋ ಎಂದೆ.